ಲಾಕ್‌ಗಾಗಿ ಕಾಯುವಾಗ ಸುತ್ತಬೇಕೇ, ಮಲಗಬೇಕೇ?

ಎಂಟು ಕೋರ್‌ಗಳಿರುವ ಕಂಪ್ಯೂಟರಿನಲ್ಲಿ ಎರಡು ಥ್ರೆಡ್‌ಗಳು ಒಂದೇ ಪಟ್ಟಿಯನ್ನು ತಿದ್ದಲು ಬಂದರೆ ಒಂದು ಲಾಕ್ ಹಿಡಿಯುತ್ತದೆ, ಇನ್ನೊಂದು ಕಾಯುತ್ತದೆ. ಸ್ಪಿನ್‌ಲಾಕ್ ಇದ್ದರೆ ಕಾಯುವ ಥ್ರೆಡ್ ತನ್ನ ಕೋರನ್ನು ಬಿಟ್ಟುಕೊಡದೆ, ಲಾಕ್ ಖಾಲಿಯಾಯಿತೇ ಎಂದು ಮತ್ತೆ ಮತ್ತೆ ನೋಡುತ್ತಲೇ ಇರುತ್ತದೆ. ಮ್ಯೂಟೆಕ್ಸ್ ಇದ್ದರೆ ಆಪರೇಟಿಂಗ್ ಸಿಸ್ಟಮ್ ಆ ಥ್ರೆಡ್ಡನ್ನು ಮಲಗಿಸಿ ಕೋರನ್ನು ಬೇರೆ ಕೆಲಸಕ್ಕೆ ಕೊಡುತ್ತದೆ. ಲಾಕ್ ತೆರವಾದಾಗ ಎಬ್ಬಿಸುತ್ತದೆ.

ಮಲಗುವುದೇ ಮಿತವ್ಯಯ ಎಂದು ಅನ್ನಿಸಬಹುದು. ಆದರೆ ಮಲಗಿಸುವುದಕ್ಕೂ ಎಬ್ಬಿಸುವುದಕ್ಕೂ ಪ್ರೊಸೆಸರ್ ಸಮಯವೇ ಖರ್ಚಾಗುತ್ತದೆ. ಲೆಕ್ಕಕ್ಕಾಗಿ ಒಂದೊಂದಕ್ಕೂ 2 ಮೈಕ್ರೊಸೆಕೆಂಡ್, ಒಟ್ಟು 4 ಎಂದುಕೊಳ್ಳೋಣ. ಲಾಕ್ 0.2 ಮೈಕ್ರೊಸೆಕೆಂಡಿನಲ್ಲಿ ತೆರವಾಗುವಂತಿದ್ದರೆ ಮಲಗಿದವನ ನಷ್ಟ ಸುತ್ತಿದವನ ಇಪ್ಪತ್ತು ಪಟ್ಟು. ಅದೇ 100 ಮೈಕ್ರೊಸೆಕೆಂಡ್ ಹಿಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ಸುತ್ತಿದರೆ 100 ಹಾಳು, ಮಲಗಿದರೆ 4. ಆದರೆ ಬಿಟ್ಟುಕೊಟ್ಟ ಕೋರಿಗೆ ಬೇರೆ ಕೆಲಸ ಕಾದಿದ್ದರೆ ಮಾತ್ರ ಆ ಉಳಿತಾಯ ನಿಜವಾದದ್ದು.

ಲಾಕ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲವಲ್ಲ? ಅದಕ್ಕೊಂದು ಸೊಗಸಾದ ಉಪಾಯವಿದೆ. ಮಲಗುವ ಖರ್ಚಿನಷ್ಟೇ ಹೊತ್ತು, ಇಲ್ಲಿ 4 ಮೈಕ್ರೊಸೆಕೆಂಡ್, ಸುತ್ತಿ ನೋಡುವುದು. ಆಗಲೂ ಸಿಗದಿದ್ದರೆ ಮಲಗುವುದು. ಅತಿ ಕೆಟ್ಟ ಸಂದರ್ಭದಲ್ಲೂ ನಷ್ಟ 8 ದಾಟುವುದಿಲ್ಲ. ಮುಂದಾಗುವುದನ್ನೆಲ್ಲ ಬಲ್ಲವನು ತೆರುವ ಬೆಲೆಯ ಎರಡರಷ್ಟು, ಅಷ್ಟೇ.

ಲಿನಕ್ಸ್ ಕರ್ನಲ್ಲಿನ ಮ್ಯೂಟೆಕ್ಸ್ 2009ರಿಂದ ಇನ್ನೂ ಜಾಣತನದ ಪ್ರಶ್ನೆ ಕೇಳುತ್ತದೆ: ಲಾಕ್ ಹಿಡಿದವನು ಈಗ ಇನ್ನೊಂದು ಕೋರಿನ ಮೇಲೆ ಓಡುತ್ತಿದ್ದಾನೆಯೇ? ಓಡುತ್ತಿದ್ದರೆ ಬೇಗ ಬಿಟ್ಟಾನು ಎಂದು ಸುತ್ತುತ್ತದೆ. ಅವನೇ ಮಲಗಿದ್ದರೆ ತಾನೂ ಮಲಗುತ್ತದೆ.

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಅಪ್ಲಿಕೇಶನ್ನಿನಲ್ಲಿ ಸ್ವಂತ ಸ್ಪಿನ್‌ಲಾಕ್ ಬರೆದವರು ಎಡವುವುದು ಇಲ್ಲೇ. ಲಾಕ್ ಹಿಡಿದಿರುವಾಗಲೇ ಶೆಡ್ಯೂಲರ್ ಆ ಥ್ರೆಡ್ಡನ್ನು ಕೋರಿನಿಂದ ಇಳಿಸಿಬಿಟ್ಟರೆ, ಕಾಯುವವರೆಲ್ಲ ಕೆಲವು ಮಿಲಿಸೆಕೆಂಡ್‌ಗಳ ಕಾಲ, ಅಂದರೆ ಸಾವಿರಾರು ಮೈಕ್ರೊಸೆಕೆಂಡ್, ವ್ಯರ್ಥವಾಗಿ ಸುತ್ತುತ್ತಾರೆ. ಕೆಲವೊಮ್ಮೆ ಲಾಕ್ ಬಿಡಬೇಕಾದವನಿಗೇ ಕೋರ್ ಸಿಗದಂತೆ ಮಾಡುತ್ತಾರೆ. ಒಂದೇ ಕೋರಿನ ಯಂತ್ರದಲ್ಲಂತೂ ಹೀಗಾಗುವುದು ಖಚಿತ. ಕರ್ನಲ್ ತನ್ನ ಸ್ಪಿನ್‌ಲಾಕ್ ಹಿಡಿದಾಗ ಸಾಮಾನ್ಯವಾಗಿ ಇಂಥ ಇಳಿಸುವಿಕೆಯನ್ನು ತಡೆಹಿಡಿಯುತ್ತದೆ. ಅಪ್ಲಿಕೇಶನ್‌ಗೆ ಆ ಅಧಿಕಾರವಿಲ್ಲ. ಲಿನಸ್ ಟೊರ್ವಾಲ್ಡ್ಸ್ 2020ರ ಜನವರಿಯಲ್ಲಿ ಅಪ್ಲಿಕೇಶನ್‌ಗಳ ಸ್ಪಿನ್‌ಲಾಕನ್ನು ಖಂಡಿಸಿ ಬರೆದದ್ದು ಇದೇ ಕಾರಣಕ್ಕೆ.

ಕರ್ನಲ್ಲಿನಲ್ಲಿ ಸ್ಪಿನ್‌ಲಾಕ್ ಅನಿವಾರ್ಯವಾದ ಜಾಗವೂ ಇದೆ. ಇಂಟರಪ್ಟ್ ಬಂದಾಗ ಓಡುವ ಕೋಡ್ ಮಲಗುವಂತಿಲ್ಲ.

ಲಿನಕ್ಸ್ ಸರ್ವರ್ ನಿಧಾನವಾದಾಗ `perf top` ಓಡಿಸಿ ನೋಡಿ. `native_queued_spin_lock_slowpath` ಮೇಲಿನ ಸಾಲಿನಲ್ಲಿ ಕುಳಿತಿದ್ದರೆ ಕರ್ನಲ್ಲಿನೊಳಗೆ ಕೋರ್‌ಗಳು ಲಾಕ್‌ಗಾಗಿ ಸುತ್ತುತ್ತಿವೆ. ಬದಲಿಗೆ `vmstat 1` ತೋರಿಸುವ `cs` ಅಂಕಿ ಎಂದಿಗಿಂತ ಬಹಳ ಏರಿದ್ದು, ಕೆಲಸ ಮಾತ್ರ ಮುಂದೆ ಸಾಗದಿದ್ದರೆ ಥ್ರೆಡ್‌ಗಳು ಮಲಗೇಳುವುದರಲ್ಲೇ ಕಾಲ ಕಳೆಯುತ್ತಿರಬಹುದು. ಎರಡರಲ್ಲೂ ಲಾಕಿನ ಬಗೆ ಬದಲಿಸುವ ಮೊದಲು, ಅದನ್ನು ಹಿಡಿದುಕೊಂಡು ಮಾಡುತ್ತಿರುವ ಕೆಲಸದಲ್ಲಿ ಎಷ್ಟನ್ನು ಹೊರಗೆ ಸರಿಸಬಹುದು ಎಂದು ನೋಡಬೇಕು.