ಪರಿಚಯ ಮಾಡಿಸುವ ಮುನ್ನ ಇಬ್ಬರನ್ನೂ ಕೇಳಿ

"ಆ ಕಂಪನಿಯಲ್ಲಿ ನಿಮಗೆ ಗೊತ್ತಿದ್ದವರು ಇದ್ದಾರಲ್ಲ, ಒಂದು ಮಾತು ಹೇಳಿ" ಎಂದು ಕೇಳಿದವರಿಗೆ ನೆರವಾಗಲು ನಾವು ಸಾಮಾನ್ಯವಾಗಿ ಮಾಡುವುದು ಒಂದೇ. ಇಬ್ಬರ ವಿಳಾಸವನ್ನೂ ಒಂದೇ ಇಮೇಲ್‌ಗೆ ಹಾಕಿ, "ಮುಂದಿನದು ನೀವೇ ಮಾತಾಡಿಕೊಳ್ಳಿ" ಎಂದು ಕಳಿಸಿಬಿಡುತ್ತೇವೆ. ಅದನ್ನು ತೆರೆದ ಅಧಿಕಾರಿಯ ಪಾಡು ಯೋಚಿಸಿ. ಅವರ ತಂಡದಲ್ಲಿ ನೇಮಕಾತಿ ನಿಂತಿರಬಹುದು, ಬೇರೊಬ್ಬರ ಆಯ್ಕೆ ಮುಗಿಯುತ್ತ ಬಂದಿರಬಹುದು. ಅದನ್ನು ಹೇಳಬೇಕೆಂದರೆ ನಿಮ್ಮ ಮುಂದೆ, ಕೆಲಸ ಕೇಳಿದವರ ಮುಂದೆ, ಒಟ್ಟಿಗೇ 'ಇಲ್ಲ' ಎನ್ನಬೇಕು. ನಿಷ್ಠುರ ಯಾಕೆಂದು ಅವರು ಸುಮ್ಮನಾಗುತ್ತಾರೆ. ಇತ್ತ ಕೆಲಸ ಹುಡುಕುವವರು ಉತ್ತರಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ.

ಇದಕ್ಕೊಂದು ಒಳ್ಳೆಯ ದಾರಿ ಇದೆ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರೂ ಒಪ್ಪಿದ ಮೇಲಷ್ಟೇ ಪರಿಚಯದ ಮೇಲ್ ಬರೆಯುವುದು. ನ್ಯೂಯಾರ್ಕಿನ ಹೂಡಿಕೆದಾರ ಫ್ರೆಡ್ ವಿಲ್ಸನ್ 2009ರಲ್ಲಿ ಈ ಪದ್ಧತಿಯ ಬಗ್ಗೆ ಬರೆದಿದ್ದರು. ಉದ್ಯಮ ವಲಯದಲ್ಲಿ ಇದಕ್ಕೆ 'ಡಬಲ್ ಆಪ್ಟ್-ಇನ್' ಎನ್ನುತ್ತಾರೆ. ನಮ್ಮಲ್ಲಿ ಸಂಬಂಧ ಕುದುರಿಸುವ ಹಿರಿಯರಿಗೆ ಇದು ಹೊಸದೇನಲ್ಲ. ಎರಡೂ ಮನೆಯವರ ಮನಸ್ಸು ತಿಳಿಯದೆ ಅವರು ಯಾರನ್ನೂ ಎದುರುಬದುರು ಕೂರಿಸುವುದಿಲ್ಲ. ಬೇಡವೆಂಬ ಮಾತು ಬಂದರೆ "ಜಾತಕ ಕೂಡಿಬರಲಿಲ್ಲವಂತೆ" ಎಂದು ತಾವೇ ತಲುಪಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಯುವತಿ ನಿಮ್ಮನ್ನು ಕೇಳಿದ್ದಾಳೆ. ನಿಮ್ಮ ಹಳೆಯ ಸಹೋದ್ಯೋಗಿ ಈಗ ಮತ್ತೊಂದು ಕಂಪನಿಯಲ್ಲಿ ಟೆಸ್ಟಿಂಗ್ ತಂಡದ ಮ್ಯಾನೇಜರ್. ಅವಳೇ ಕೇಳಿದ್ದರಿಂದ ಅವಳ ಒಪ್ಪಿಗೆ ಇದ್ದೇ ಇದೆ ಎಂದುಕೊಳ್ಳುವುದು ಸಹಜ. ಆದರೆ ಅವಳು ಈಗಿನ ಕಚೇರಿಗೆ ತಿಳಿಯದಂತೆ ಹುಡುಕುತ್ತಿರಬಹುದು, ಆ ಮ್ಯಾನೇಜರ್ ಅವಳ ಬಾಸ್‌ಗೆ ಸ್ನೇಹಿತರಾಗಿರಬಹುದು. ಹಾಗಾಗಿ ಮೊದಲ ಪ್ರಶ್ನೆ ಅವಳಿಗೇ: "ಇಂಥವರನ್ನು ಕೇಳಬೇಕೆಂದಿದ್ದೇನೆ, ಪರವಾಗಿಲ್ಲವೆ? ಬೇಡವಾದರೆ ಬಿಟ್ಟುಬಿಡುತ್ತೇನೆ."

ಅವಳು ಒಪ್ಪಿದರೆ, ಹಾಗೇ ಫಾರ್ವರ್ಡ್ ಮಾಡಬಹುದಾದ ಒಂದು ಪುಟ್ಟ ಮೇಲ್ ಬರೆದುಕೊಡಲು ಹೇಳಿ. ಯಾವ ಹುದ್ದೆ, ಅದರ ಜಾಬ್ ಐಡಿ, ತಾನು ಮಾಡಿದ ಕೆಲಸದಲ್ಲಿ ಅದಕ್ಕೆ ಹೊಂದುವ ಎರಡು ಸಂಗತಿ, ಜೊತೆಗೆ ರೆಸ್ಯೂಮೆ. ಐದಾರು ಸಾಲು ಸಾಕು. ಇದನ್ನು ನೀವೇ ಬರೆಯಲು ಹೋದರೆ ಅವಳ ಅನುಭವವನ್ನು ಹಿಗ್ಗಿಸುವ ಅಪಾಯವಿದೆ.

ನಂತರ ಅದನ್ನು ಮ್ಯಾನೇಜರ್‌ಗೆ ಮಾತ್ರ ಕಳಿಸಿ. ಸಿಸಿಯಲ್ಲಿ ಅವಳ ವಿಳಾಸ ಇರಕೂಡದು. ಮೇಲೆ ನಿಮ್ಮ ಮಾತು ಹೀಗಿರಲಿ:

"ನಮಸ್ಕಾರ ಸರ್. ಕೆಳಗಿನ ಮೇಲ್ ಬರೆದವರು ನಮ್ಮ ತಂಡದಲ್ಲಿ ಎರಡು ವರ್ಷ ಇದ್ದರು. ಅವರ ಟೆಸ್ಟಿಂಗ್ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ, ಆಟೊಮೇಶನ್ ಬಗ್ಗೆ ನನಗೆ ಗೊತ್ತಿಲ್ಲ. ನೀವು ಮಾತಾಡಲು ಸಿದ್ಧರಿದ್ದರೆ ಪರಿಚಯಿಸುತ್ತೇನೆ. ಅನುಕೂಲವಿಲ್ಲದಿದ್ದರೆ 'ಈಗ ಬೇಡ' ಎಂದರೆ ಸಾಕು, ಕಾರಣ ಬೇಕಿಲ್ಲ. ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಈಗ ಅವಕಾಶವಿಲ್ಲವೆಂದು ಅವರಿಗೆ ತಿಳಿಸುತ್ತೇನೆ. ಅವರು ಹುಡುಕುತ್ತಿರುವ ವಿಷಯ ನಿಮ್ಮಲ್ಲೇ ಇರಲಿ."

ಇದರಲ್ಲಿ ಶುಕ್ರವಾರದ ಮಾತೇ ನನಗೆ ಮುಖ್ಯವೆನಿಸುತ್ತದೆ. ಅದರಿಂದ ಮ್ಯಾನೇಜರ್ ಏನೂ ಬರೆಯದೆಯೇ ನಿರಾಕರಿಸಬಹುದು, ಯುವತಿಗೂ ಕಾಯುವುದಕ್ಕೊಂದು ಕೊನೆ ಸಿಗುತ್ತದೆ.

ಇಷ್ಟು ನಾಜೂಕು ಯಾಕೆ ಎಂದು ಕೇಳಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತರಲ್ಲ, ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಕಾಣುವವರು ಎಂದು ತೋರಿಸಿದ್ದರು. ಆಪ್ತರು ಬೇಡವೆನ್ನಲು ಹಿಂಜರಿಯುವುದಿಲ್ಲ. ದೂರದ ಪರಿಚಿತರು ಸಂಕೋಚ ಪಡುತ್ತಾರೆ. ಆ ಸಂಕೋಚವನ್ನು ಒಮ್ಮೆ ಬಳಸಿಕೊಂಡರೆ, ಮುಂದಿನವರಿಗಾಗಿ ಬರೆದ ಮೇಲನ್ನು ಅವರು ತೆರೆಯುವುದೂ ಅನುಮಾನ.

ಮ್ಯಾನೇಜರ್ ಆಗಲಿ ಎಂದರೆ ಇಬ್ಬರಿಗೂ ಸೇರಿ ಎರಡು ಸಾಲಿನ ಮೇಲ್ ಸಾಕು. ಮೊದಲು ಉತ್ತರಿಸಬೇಕಾದವಳು ಯುವತಿ, ಅದೂ ಒಂದು ದಿನದೊಳಗೆ. ಆಗ ನಿಮ್ಮ ವಿಳಾಸವನ್ನು ಬಿಸಿಸಿಗೆ ಸರಿಸಿದರೆ, ಸಂದರ್ಶನದ ಸಮಯ ಗೊತ್ತು ಮಾಡುವ ಹತ್ತಾರು ಮೇಲ್‌ಗಳು ನಿಮಗೆ ಬರುವುದಿಲ್ಲ. ಬೇಡ ಎಂದರೆ "ಈಗ ಅಲ್ಲಿ ಅವಕಾಶವಿಲ್ಲವಂತೆ" ಎಂದು ಅಂದೇ ಅವಳಿಗೆ ತಿಳಿಸಿ. ಮ್ಯಾನೇಜರ್ ಬರೆದ ಉತ್ತರವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.

ಪರಿಚಯವೇ ಅರ್ಜಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಅನೇಕ ಕಂಪನಿಗಳಲ್ಲಿ ಸಿಬ್ಬಂದಿಯ ಶಿಫಾರಸು ಅವರದೇ ರೆಫರಲ್ ಪೋರ್ಟಲ್ ಮೂಲಕವೇ ಹೋಗಬೇಕು. ಅಭ್ಯರ್ಥಿ ಮೊದಲೇ ಅರ್ಜಿ ಹಾಕಿದ್ದರೆ ಕೆಲವೆಡೆ ಆ ಶಿಫಾರಸು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಅರ್ಜಿ ಹಾಕಿಯಾಗಿದೆಯೇ ಎಂದು ಅವಳನ್ನು ಕೇಳಿ, ಮ್ಯಾನೇಜರ್‌ಗೆ ಬರೆಯುವ ಮೊದಲ ಮೇಲ್‌ನಲ್ಲೇ ಅದನ್ನು ಹೇಳಿಬಿಡಿ.