ಹೋಸ್ಟಿಂಗ್ ಬಿಡುವ ಮುನ್ನ

ವೆಬ್‌ಸೈಟಿನ ಹೆಸರು, ಅಂದರೆ ಡೊಮೈನ್, ಬೇರೆ. ಅದರ ಕಡತಗಳಿರುವ ಹೋಸ್ಟಿಂಗ್ ಜಾಗ ಬೇರೆ. ಎರಡನ್ನೂ ಒಂದೇ ಕಂಪನಿ ನೋಡಿಕೊಳ್ಳುತ್ತಿದ್ದರೆ, ಖಾತೆ ಮುಚ್ಚುವುದು ಕೊನೆಯ ಕೆಲಸವಾಗಬೇಕು.

ಮೊದಲು ಡೊಮೈನ್. `.com` ಹೆಸರಾದರೆ ಅದರ ಲಾಕ್ ತೆಗೆಸಿ, ವರ್ಗಾವಣೆ ಕೋಡ್ ಕೇಳಬೇಕು. ಕೋರಿಕೆ ಬಂದ 5 ದಿನಗಳೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಬೇಕೆಂಬುದು ಐಕ್ಯಾನ್ ನಿಯಮ. ಡೊಮೈನ್ ವಿವರದಲ್ಲಿ `clientTransferProhibited` ಎಂದು ಕಂಡರೆ ಲಾಕ್ ಇನ್ನೂ ತೆಗೆದಿಲ್ಲ ಎಂದರ್ಥ.

ಆಮೇಲೆ ಬ್ಯಾಕಪ್. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಸೀರೆ ಅಂಗಡಿಯೊಂದರ ತಾಣವನ್ನೇ ನೋಡಿ: ಸೀರೆಗಳ ಚಿತ್ರಗಳು `wp-content` ಫೋಲ್ಡರಿನಲ್ಲಿ, ಬೆಲೆ ಮತ್ತು ಆರ್ಡರ್‌ಗಳು ಡೇಟಾಬೇಸಿನಲ್ಲಿ ಇರುತ್ತವೆ. ಫೋಲ್ಡರ್ ಮಾತ್ರ ಇಳಿಸಿಕೊಂಡರೆ ಆರ್ಡರ್‌ಗಳು ಕೈತಪ್ಪುತ್ತವೆ. ಡೇಟಾಬೇಸಿನ `.sql` ಕಡತವೂ ಬೇಕು. ಇಮೇಲ್‌ಗಳನ್ನೂ ಡಿಎನ್ಎಸ್ ದಾಖಲೆಗಳನ್ನೂ ಪ್ರತ್ಯೇಕವಾಗಿ ಪಡೆಯಬೇಕು. ಹೊಸ ಜಾಗದಲ್ಲಿ ಬ್ಯಾಕಪ್ ಹಾಕಿ, ಹಳೆಯ ಆರ್ಡರೊಂದು ತೆರೆದುಕೊಂಡಾಗಲೇ ಅದು ಸರಿಯಿದೆ ಎನ್ನಬಹುದು.

ಕೊನೆಗೆ ಅಳಿಸುವಿಕೆ. ಕಡತ, ಡೇಟಾಬೇಸ್, ಇಮೇಲ್‌ಗಳ ಜೊತೆಗೆ ಕಂಪನಿಯ ಸ್ವಂತ ಬ್ಯಾಕಪ್‌ಗಳನ್ನೂ ಪತ್ರದಲ್ಲಿ ಹೆಸರಿಸಿ, ಅಳಿಸಿದ ದಿನಾಂಕ ಸಹಿತ ಲಿಖಿತ ದೃಢೀಕರಣ ಕೇಳಬೇಕು. ಕಂಪನಿಯ ಬ್ಯಾಕಪ್‌ಗಳು ಅವಧಿ ಮುಗಿದ ಮೇಲಷ್ಟೇ ಅಳಿಯುವುದುಂಟು. ಆ ಕೊನೆಯ ದಿನವನ್ನೂ ಬರೆಸಿಕೊಳ್ಳಬೇಕು. ಬಿಲ್ಲಿನ ದಾಖಲೆಗಳನ್ನು ಮಾತ್ರ ಕಂಪನಿ ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾಗುತ್ತದೆ.