ನೆರೆಜಿಲ್ಲೆಯ ಪ್ರಭಾವವನ್ನು ಲೆಕ್ಕಕ್ಕೆ ತರುವ ಬಗೆ: ಸಾಕ್ಷರತಾ ಅಂಕಿಅಂಶಗಳ ಒಂದು ಉದಾಹರಣೆ

ಜಿಲ್ಲೆಗಳ ಸಾಧನೆಯನ್ನು ಹೋಲಿಸುವ ವರದಿಗಳಲ್ಲಿ "ನಿರೀಕ್ಷೆಗಿಂತ ಹಿಂದುಳಿದಿದೆ" ಎಂಬ ಮಾತು ಆಗಾಗ ಬರುತ್ತದೆ. ಆ ನಿರೀಕ್ಷೆಯನ್ನು ಯಾರು, ಯಾವ ಲೆಕ್ಕದಿಂದ ಕಟ್ಟಿದರು ಎಂಬುದು ಸಾಮಾನ್ಯವಾಗಿ ಓದುಗರಿಗೆ ಕಾಣುವುದಿಲ್ಲ. ಅನುದಾನ, ವಿಶೇಷ ಯೋಜನೆ ಹಾಗೂ ಅಧಿಕಾರಿಗಳ ಹೊಣೆಗಾರಿಕೆ ಇಂತಹ ಮಾತುಗಳನ್ನು ಆಧರಿಸಿರುವ ಸಂದರ್ಭಗಳಲ್ಲಿ, ಲೆಕ್ಕದೊಳಗೆ ನೆರೆಹೊರೆಯನ್ನು ಪರಿಗಣಿಸಲಾಗಿದೆಯೇ ಎಂದು ತಿಳಿಯುವುದು ಅಗತ್ಯ. ಈ ಲೇಖನವು 2011ರ ಜನಗಣತಿಯ ಅಂಕಿಗಳನ್ನು ಬಳಸಿ ಆ ಪರೀಕ್ಷೆಯನ್ನು ಹಂತಹಂತವಾಗಿ ವಿವರಿಸುತ್ತದೆ.

ಮೊದಲ ಲೆಕ್ಕ ಮತ್ತು ಶೇಷ

2011ರಲ್ಲಿ ಕರ್ನಾಟಕದಲ್ಲಿ 30 ಜಿಲ್ಲೆಗಳಿದ್ದವು. ವಿಜಯನಗರ ಜಿಲ್ಲೆ ಆಗ ಬಳ್ಳಾರಿಯ ಭಾಗವಾಗಿತ್ತು. ಪ್ರತಿ ಜಿಲ್ಲೆಗೆ ಎರಡು ಅಂಕಿಗಳನ್ನು ತೆಗೆದುಕೊಳ್ಳಲಾಗಿದೆ: ಏಳು ವರ್ಷ ಮತ್ತು ಮೇಲ್ಪಟ್ಟವರ ಸಾಕ್ಷರತಾ ಪ್ರಮಾಣ ಹಾಗೂ ಒಟ್ಟು ಜನಸಂಖ್ಯೆಯಲ್ಲಿ ನಗರವಾಸಿಗಳ ಶೇಕಡಾ ಪಾಲು. ನಗರ ಪಾಲು ಹೆಚ್ಚಿದಂತೆ ಸಾಕ್ಷರತೆ ಎಷ್ಟು ಹೆಚ್ಚುತ್ತದೆ ಎಂದು ಒಂದು ಸರಳರೇಖೆಯಿಂದ ಅಂದಾಜಿಸುವ ವಿಧಾನಕ್ಕೆ ರಿಗ್ರೆಷನ್ ಎಂದು ಹೆಸರು. 30 ಜಿಲ್ಲೆಗಳಿಗೆ ಹೊಂದುವ ರೇಖೆ ಹೀಗಿದೆ:

ಸಾಕ್ಷರತೆ = 66.0 + 0.257 × ನಗರ ಪಾಲು

ಕಲಬುರಗಿ ಜಿಲ್ಲೆಯ ನಗರ ಪಾಲು ಶೇ 32.6. ರೇಖೆಯ ಪ್ರಕಾರ ಅಲ್ಲಿ ಸಾಕ್ಷರತೆ ಸುಮಾರು ಶೇ 74.4 ಇರಬೇಕು, ವಾಸ್ತವದಲ್ಲಿ ಇದ್ದುದು ಶೇ 64.9. ವಾಸ್ತವದಿಂದ ಅಂದಾಜನ್ನು ಕಳೆದಾಗ ಉಳಿಯುವ −9.5 ಅಂಶವೇ ಆ ಜಿಲ್ಲೆಯ ಶೇಷ. ಚಾಮರಾಜನಗರದ ನಗರ ಪಾಲು ಶೇ 17.1, ಅಂದಾಜು ಶೇ 70.4, ವಾಸ್ತವ ಶೇ 61.4, ಶೇಷ −9.0. ಈ ಲೆಕ್ಕವಷ್ಟನ್ನೇ ನೋಡಿದರೆ ಎರಡೂ ಜಿಲ್ಲೆಗಳು ಬಹುತೇಕ ಒಂದೇ ಪ್ರಮಾಣದಲ್ಲಿ ಹಿಂದುಳಿದಿವೆ ಎಂಬ ತೀರ್ಮಾನ ಬರುತ್ತದೆ.

ಶೇಷಗಳನ್ನು ನಕ್ಷೆಯ ಮೇಲೆ ಇಡುವುದು

ರಿಗ್ರೆಷನ್ ಒಂದು ಷರತ್ತನ್ನು ಮೊದಲೇ ಒಪ್ಪಿಕೊಂಡಿರುತ್ತದೆ: ಒಂದು ಜಿಲ್ಲೆಯ ಶೇಷಕ್ಕೂ ಮತ್ತೊಂದರ ಶೇಷಕ್ಕೂ ಸಂಬಂಧವಿರಬಾರದು. ಶೇಷಗಳನ್ನು ಜಿಲ್ಲಾ ನಕ್ಷೆಯಲ್ಲಿ ಬರೆದಾಗ ಆ ಷರತ್ತು ಮುರಿದಿರುವುದು ಕಣ್ಣಿಗೇ ಕಾಣುತ್ತದೆ. ಯಾದಗಿರಿ −19.0, ರಾಯಚೂರು −12.9, ಕಲಬುರಗಿ −9.5, ಬಳ್ಳಾರಿ −8.2: ಇವೆಲ್ಲವೂ ಈಶಾನ್ಯ ಭಾಗದಲ್ಲಿ ಒಟ್ಟಿಗಿವೆ. ಉಡುಪಿ ಮತ್ತು ಕೊಡಗು ತಲಾ +12.9, ಉತ್ತರ ಕನ್ನಡ +10.6, ದಕ್ಷಿಣ ಕನ್ನಡ +10.4: ಇವು ಕರಾವಳಿ ಮತ್ತು ಮಲೆನಾಡಿನಲ್ಲಿ ಒಟ್ಟಿಗಿವೆ.

ಕಣ್ಣಿಗೆ ಕಂಡದ್ದನ್ನು ಅಳೆಯಲು ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಮೊರಾನ್ 1950ರಲ್ಲಿ ಪ್ರಕಟಿಸಿದ ಸೂಚ್ಯಂಕವನ್ನು ಬಳಸಲಾಗುತ್ತದೆ. ಅದಕ್ಕೆ ಮೊದಲು ಯಾರು ಯಾರ ನೆರೆಯವರು ಎಂಬ ಪಟ್ಟಿ ಸಿದ್ಧವಾಗಬೇಕು. ಇಲ್ಲಿ ರಾಜ್ಯದೊಳಗೆ ಗಡಿ ಹಂಚಿಕೊಂಡ ಜಿಲ್ಲೆಗಳನ್ನು ನೆರೆಯೆಂದು ಪರಿಗಣಿಸಿ, ಪ್ರತಿ ಜಿಲ್ಲೆಗೂ ಅದರ ನೆರೆಜಿಲ್ಲೆಗಳ ಶೇಷಗಳ ಸರಾಸರಿಯನ್ನು ತೆಗೆಯಲಾಗಿದೆ. ಕಲಬುರಗಿಗೆ ಬೀದರ್, ಯಾದಗಿರಿ, ವಿಜಯಪುರ ಎಂಬ ಮೂರು ನೆರೆಗಳಿದ್ದು, ಅವುಗಳ ಶೇಷಗಳ ಸರಾಸರಿ −8.5. ಇದನ್ನು ಕಲಬುರಗಿಯ ಸ್ವಂತ ಶೇಷದಿಂದ ಗುಣಿಸಬೇಕು. ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರೆ ಗುಣಲಬ್ಧ ಧನಾತ್ಮಕವಾಗಿರುತ್ತದೆ, ವಿರುದ್ಧ ದಿಕ್ಕಿನಲ್ಲಿದ್ದರೆ ಋಣಾತ್ಮಕವಾಗಿರುತ್ತದೆ. 30 ಜಿಲ್ಲೆಗಳ ಗುಣಲಬ್ಧಗಳನ್ನು ಕೂಡಿದಾಗ ಸುಮಾರು 902. ಶೇಷಗಳ ವರ್ಗಗಳ ಮೊತ್ತ ಸುಮಾರು 1,599. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವ 0.56 ಎಂಬುದೇ ಮೊರಾನ್ ಸೂಚ್ಯಂಕ.

ಈ 0.56 ದೊಡ್ಡದೋ ಚಿಕ್ಕದೋ ಎಂದು ತಿಳಿಯಲು ಹೀಗೆ ಯೋಚಿಸಬಹುದು. ಮೂವತ್ತು ಶೇಷಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಜಿಲ್ಲೆಗಳಿಗೆ ಮನಬಂದಂತೆ ಹಂಚಿ, ಸೂಚ್ಯಂಕವನ್ನು ಮತ್ತೆ ಮತ್ತೆ ಲೆಕ್ಕ ಹಾಕಿದರೆ ಅದು ಸೊನ್ನೆಗಿಂತ ತುಸು ಕೆಳಗೆ, −0.03ರ ಸುತ್ತ ಏರಿಳಿಯುತ್ತದೆ. ಆ ಏರಿಳಿತದ ಸಾಮಾನ್ಯ ಪ್ರಮಾಣ ಸುಮಾರು 0.12. ವಾಸ್ತವದ ಸೂಚ್ಯಂಕವು ಅದರ ಐದು ಪಟ್ಟು ದೂರದಲ್ಲಿದೆ. ಇಂತಹ ಗುಂಪು ಚೀಟಿ ಎತ್ತುವುದರಿಂದ ಉಂಟಾಗುವಂಥದ್ದಲ್ಲ. ಮೂವತ್ತು ಜಿಲ್ಲೆಗಳು ಮೂವತ್ತು ಸ್ವತಂತ್ರ ಸಾಕ್ಷಿಗಳಲ್ಲ ಎಂಬುದು ಇದರ ಅರ್ಥ. ಹಾಗಿದ್ದೂ ಅವನ್ನು ಸ್ವತಂತ್ರವೆಂದು ಭಾವಿಸಿದರೆ, 0.257 ಎಂಬ ಅಂಕಿಯ ಬಗ್ಗೆ ಇರಬೇಕಾದುದಕ್ಕಿಂತ ಹೆಚ್ಚು ಭರವಸೆ ಮೂಡುತ್ತದೆ.

ಕಾರಣ ಎರಡು ಬಗೆ

ಶೇಷಗಳು ಗುಂಪಾಗಲು ಎರಡು ಬಗೆಯ ಕಾರಣಗಳಿರಬಹುದು. ನೆರೆಜಿಲ್ಲೆಯ ಸಾಕ್ಷರತೆಯೇ ಈ ಜಿಲ್ಲೆಯ ಸಾಕ್ಷರತೆಯೊಂದಿಗೆ ಹೆಣೆದುಕೊಂಡಿರಬಹುದು: ಶಿಕ್ಷಕರು, ಕಾಲೇಜುಗಳು, ಮದುವೆ ಸಂಬಂಧಗಳು, ದುಡಿಮೆಗಾಗಿ ಗುಳೆ ಹೋಗುವಿಕೆ ಜಿಲ್ಲಾ ಗಡಿಯಲ್ಲಿ ನಿಲ್ಲುವುದಿಲ್ಲ. ಅಥವಾ, ಲೆಕ್ಕದಲ್ಲಿ ಸೇರದ ಮಳೆ, ಭೂ ಹಿಡುವಳಿ, ಹಿಂದಿನ ಆಡಳಿತದಂತಹ ಅಂಶಗಳು ಇಡೀ ಪ್ರದೇಶಕ್ಕೆ ಸಾಮಾನ್ಯವಾಗಿರಬಹುದು. ಮೊದಲನೆಯದಕ್ಕೆ ನೆರೆ ಸರಾಸರಿಯ ಪದವನ್ನು ಸೂತ್ರದಲ್ಲೇ ಸೇರಿಸಬೇಕು. ಎರಡನೆಯದಾದರೆ ದೋಷಪದದ ರಚನೆಯನ್ನು ತಿದ್ದಿದರೆ ಸಾಕು.

ಎರಡರಲ್ಲಿ ಆರಿಸಲು ಲಗ್ರಾಂಜ್ ಗುಣಕ ಪರೀಕ್ಷೆಗಳಿವೆ. ಈ ಅಂಕಿಗಳಿಗೆ ನೆರೆ ಸರಾಸರಿಯ ಪರೀಕ್ಷೆ ಸುಮಾರು 22 ಮತ್ತು ದೋಷಪದದ ಪರೀಕ್ಷೆ ಸುಮಾರು 19 ಬರುತ್ತದೆ. ನಿರ್ಣಾಯಕ ಮಿತಿ 3.84 ಆಗಿರುವುದರಿಂದ ಎರಡೂ ಅದನ್ನು ದಾಟುತ್ತವೆ. ಆಗ, ಒಂದರ ಪ್ರಭಾವವನ್ನು ಕಳೆದು ಇನ್ನೊಂದನ್ನು ನೋಡುವ ಪರಿಷ್ಕೃತ ಪರೀಕ್ಷೆಗಳತ್ತ ಹೊರಳಬೇಕು. ಅವು ಕ್ರಮವಾಗಿ ಸುಮಾರು 4.9 ಮತ್ತು 1.3. ಮೊದಲನೆಯದು ಮಾತ್ರ ಮಿತಿಯನ್ನು ದಾಟಿರುವುದರಿಂದ ನೆರೆ ಸರಾಸರಿಯ ಪದವನ್ನು ಸೇರಿಸುವುದು ಯುಕ್ತ. ಅಂತರ ಅಷ್ಟೇನೂ ದೊಡ್ಡದಲ್ಲದ ಕಾರಣ ಇದನ್ನು ಅಂತಿಮ ತೀರ್ಪೆಂದು ಭಾವಿಸಬಾರದು.

ನೆರೆ ಸರಾಸರಿಯನ್ನು ಸೇರಿಸಿದ ಲೆಕ್ಕ

ನೆರೆಜಿಲ್ಲೆಗಳ ಸಾಕ್ಷರತೆಯ ಸರಾಸರಿಯನ್ನು ಸಾಧಾರಣ ಅಂಕಣದಂತೆ ಸೇರಿಸಿ ಮೊದಲಿನ ವಿಧಾನದಿಂದಲೇ ರೇಖೆ ಎಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಕಲಬುರಗಿಯ ನೆರೆ ಯಾದಗಿರಿ, ಯಾದಗಿರಿಯ ನೆರೆ ಕಲಬುರಗಿ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಆ ವಿಧಾನಕ್ಕೆ ಬೇರ್ಪಡಿಸಲಾಗದು. ಈ ಅಂಕಿಗಳ ಮೇಲೆ ಹಾಗೆ ಮಾಡಿದರೆ ನೆರೆ ಸರಾಸರಿಯ ಗುಣಕ ಸುಮಾರು 1.16 ಬರುತ್ತದೆ. ಅಂದರೆ ನೆರೆಯಿಂದ ನೆರೆಗೆ ದಾಟಿದಂತೆಲ್ಲ ಪ್ರಭಾವ ಕುಗ್ಗದೆ ಹಿಗ್ಗುತ್ತಲೇ ಹೋಗಬೇಕು; ಇದು ಅಸಂಗತ. ಗುಣಕ 1ನ್ನು ಮೀರಿದರೆ ವಿಧಾನ ತಪ್ಪಿದೆ ಎಂದೇ ತಿಳಿಯಬೇಕು. ಈ ಪರಸ್ಪರತೆಯನ್ನು ಲೆಕ್ಕಿಸುವ ಗರಿಷ್ಠ ಸಂಭಾವ್ಯತಾ ವಿಧಾನದಿಂದ ಗುಣಕ 0.8ರ ಆಸುಪಾಸಿಗೆ ಇಳಿಯುತ್ತದೆ. ಉಚಿತವಾಗಿ ದೊರೆಯುವ ಜಿಯೋಡಾ ತಂತ್ರಾಂಶದಲ್ಲಿ ಈ ಲೆಕ್ಕಕ್ಕೆ ಅವಕಾಶವಿದೆ. 0.8 ಎಂದು ಇಟ್ಟುಕೊಂಡರೆ ಸೂತ್ರ ಹೀಗಾಗುತ್ತದೆ:

ಸಾಕ್ಷರತೆ = 8.6 + 0.8 × ನೆರೆ ಸರಾಸರಿ + 0.21 × ನಗರ ಪಾಲು

ಈಗ ಮೊದಲಿನ ಎರಡು ಜಿಲ್ಲೆಗಳನ್ನು ಮತ್ತೆ ನೋಡಬಹುದು. ಕಲಬುರಗಿಯ ನೆರೆ ಸರಾಸರಿ ಶೇ 63.2. ಹೊಸ ಅಂದಾಜು ಸುಮಾರು ಶೇ 66, ಶೇಷ −9.5ರಿಂದ ಸುಮಾರು −1ಕ್ಕೆ ಇಳಿಯುತ್ತದೆ. ಚಾಮರಾಜನಗರಕ್ಕೆ ಮೈಸೂರು, ಮಂಡ್ಯ, ರಾಮನಗರ ನೆರೆಗಳು. ಸರಾಸರಿ ಶೇ 70.8. ಹೊಸ ಅಂದಾಜು ಸುಮಾರು ಶೇ 69, ಶೇಷ −9.0ರಿಂದ −7.4ರವರೆಗೆ ಮಾತ್ರ ಬದಲಾಗುತ್ತದೆ. ಒಂದೇ ಬಗೆಯೆಂದು ಕಂಡ ಎರಡು ಕೊರತೆಗಳು ಬೇರೆ ಬೇರೆಯಾದವು. ಕಲಬುರಗಿಯ ಕೊರತೆ ಆ ಇಡೀ ಪ್ರದೇಶದ ಕೊರತೆಯ ಭಾಗ. ಅಲ್ಲಿನ ಕ್ರಮಗಳು ನೆರೆಜಿಲ್ಲೆಗಳನ್ನೂ ಒಳಗೊಳ್ಳಬೇಕು. ಚಾಮರಾಜನಗರದ ಕೊರತೆ ನೆರೆಯಿಂದ ಬಂದುದಲ್ಲ. ಅದರ ಕಾರಣವನ್ನು ಆ ಜಿಲ್ಲೆಯೊಳಗೇ ಹುಡುಕಬೇಕು. ಯಾದಗಿರಿಯಲ್ಲಿ ಎರಡೂ ಇವೆ: ಶೇಷ −19.0ರಿಂದ ಸುಮಾರು −12ಕ್ಕೆ ಬಂದರೂ ರಾಜ್ಯದ ಅತಿ ದೊಡ್ಡ ಕೊರತೆಗಳ ಸಾಲಿನಲ್ಲೇ ಉಳಿಯುತ್ತದೆ.

ಕಲಬುರಗಿಯ ಶೇಷ ಸೊನ್ನೆಯ ಹತ್ತಿರ ಬಂದಿತೆಂದು ಅಲ್ಲಿನ ಸ್ಥಿತಿ ಉತ್ತಮವೆಂದು ಓದಬಾರದು. ಶೇ 64.9 ಸಾಕ್ಷರತೆ ಮೊದಲೂ ಅಷ್ಟೇ, ಈಗಲೂ ಅಷ್ಟೇ. ಬದಲಾದುದು ಕೊರತೆಯ ಪ್ರಮಾಣವಲ್ಲ, ಅದರ ಮೂಲದ ಕುರಿತ ತಿಳಿವಳಿಕೆ.

ಲೆಕ್ಕದ ಮಿತಿಗಳು

0.8 ಎಂಬ ಗುಣಕ ಬಹಳ ದೊಡ್ಡದು. ನಗರ ಪಾಲೊಂದನ್ನೇ ಕಾರಣವಾಗಿ ಇಟ್ಟಿರುವುದರಿಂದ, ಸೂತ್ರದಿಂದ ಹೊರಗುಳಿದ ಅಂಶಗಳೆಲ್ಲ ನೆರೆ ಸರಾಸರಿಯ ಹೆಗಲೇರಿವೆ. ಇನ್ನಷ್ಟು ಅಂಕಣಗಳನ್ನು ಸೇರಿಸಿದಂತೆ ಅದು ಇಳಿಯುವ ಸಂಭವವಿದೆ. ಆದ್ದರಿಂದ "ನೆರೆಯಲ್ಲಿ ಶೇ 1 ಏರಿದರೆ ಇಲ್ಲಿ ಶೇ 0.8 ಏರುತ್ತದೆ" ಎಂದು ಇದನ್ನು ಭರವಸೆಯಾಗಿ ಉಲ್ಲೇಖಿಸುವುದು ಸರಿಯಲ್ಲ.

ಗಡಿಯ ತೊಂದರೆಯೂ ಇದೆ. ಈ ಪಟ್ಟಿಯಲ್ಲಿ ಬೀದರ್‌ಗೆ ಕಲಬುರಗಿಯೊಂದೇ ನೆರೆ. ಮಹಾರಾಷ್ಟ್ರ ಮತ್ತು ಈಗಿನ ತೆಲಂಗಾಣದ ಜಿಲ್ಲೆಗಳು ಲೆಕ್ಕದಿಂದ ಹೊರಗಿವೆ. ಶೇ 90.9 ನಗರ ಪಾಲಿನ ಬೆಂಗಳೂರು ನಗರ ಜಿಲ್ಲೆಯೊಂದೇ ರೇಖೆಯ ಇಳಿಜಾರನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದನ್ನು ಬಿಟ್ಟೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನೆರೆಯ ಪದವನ್ನು ಸೇರಿಸಿದ ಮೇಲೆ ಹೊಸ ಶೇಷಗಳಿಗೂ ಮೊರಾನ್ ಸೂಚ್ಯಂಕವನ್ನು ಮತ್ತೆ ತೆಗೆಯುವುದು ಕಡ್ಡಾಯ. ಅದು ಸೊನ್ನೆಯ ಸಮೀಪಕ್ಕೆ ಬಾರದಿದ್ದರೆ ನೆರೆಯ ಪಟ್ಟಿಯೋ ಸೂತ್ರವೋ ಇನ್ನೂ ಅಪೂರ್ಣ.

ಗ್ರಾಮ ಪಂಚಾಯಿತಿಗಳನ್ನು ಶಾಲೆ ಬಿಟ್ಟ ಮಕ್ಕಳು, ಅಪೌಷ್ಟಿಕತೆ ಅಥವಾ ತೆರಿಗೆ ವಸೂಲಾತಿಯ ಆಧಾರದಲ್ಲಿ ಹೋಲಿಸುವ ಪಟ್ಟಿಗಳಿಗೂ ಇದೇ ಕ್ರಮ ಅನ್ವಯವಾಗುತ್ತದೆ. ಅಂತಹ ಪಟ್ಟಿ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳಬಹುದಾದ ಪ್ರಶ್ನೆಗಳು ಮೂರು: ಶೇಷಗಳನ್ನು ನಕ್ಷೆಯ ಮೇಲಿಟ್ಟು ನೋಡಲಾಗಿದೆಯೇ, ನೆರೆಯ ಪಟ್ಟಿಯಲ್ಲಿ ತಾಲ್ಲೂಕಿನ ಗಡಿಯಾಚೆಯ ಪಂಚಾಯಿತಿಗಳು ಸೇರಿವೆಯೇ, ಮತ್ತು ನೆರೆ ಸರಾಸರಿಯನ್ನು ಸೇರಿಸಿದ ಮೇಲೆಯೂ ತಮ್ಮ ಪಂಚಾಯಿತಿಯ ಕೊರತೆ ಉಳಿಯುತ್ತದೆಯೇ. ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಕಾರಣವನ್ನು ಪಂಚಾಯಿತಿಯೊಳಗೆ ಹುಡುಕಬೇಕು. ಅಲ್ಲವೆಂದಾದರೆ ನೆರೆಯ ಪಂಚಾಯಿತಿಗಳೊಡನೆ ಕೂಡಿ ತಾಲ್ಲೂಕು ಪಂಚಾಯಿತಿಗೆ ಜಂಟಿ ಪ್ರಸ್ತಾವ ಸಲ್ಲಿಸುವುದು ಸೂಕ್ತ.